ಗರ್ಭಕೋಶದ ಬಾಯಿಯ ಕೆಂಪು: ಸುಡಿಸಬೇಕೇ, ಬಿಡಬೇಕೇ?

ಕೇಳಿದವರು, ದಾವಣಗೆರೆ

ನನಗೆ 27 ವರ್ಷ. ಎಂಟು ತಿಂಗಳಿಂದ ನೀರಿನಂತೆ ಬಿಳಿ ಹೋಗುತ್ತಿದೆ. ವಾಸನೆಯಿಲ್ಲ, ತುರಿಕೆಯಿಲ್ಲ, ಆದರೆ ದಿನಕ್ಕೆ ಎರಡು ಪ್ಯಾಡ್ ಬೇಕು. ಗಂಡನೊಂದಿಗೆ ಸೇರಿದ ಮರುದಿನ ರಕ್ತದ ಕಲೆ ಕಾಣುತ್ತದೆ. ಒಬ್ಬ ವೈದ್ಯೆ ಚೀಟಿಯಲ್ಲಿ ‘ಎಕ್ಟ್ರೋಪಿಯನ್’ ಎಂದು ಬರೆದು, ಚಿಕಿತ್ಸೆ ಬೇಡ ಎಂದರು. ಇನ್ನೊಬ್ಬರು ‘ಎರೋಷನ್, ಹುಣ್ಣು, ಈ ವಾರವೇ ಸುಡಿಸಿ’ ಎಂದರು. ನಿಮ್ಮಲ್ಲಿ ಯಾರಿಗಾದರೂ ಹೀಗಾಗಿತ್ತೇ? ಏನು ಮಾಡಿದಿರಿ?

ಹುಬ್ಬಳ್ಳಿಯ ಗೃಹಿಣಿ

ನನಗೂ ಅದೇ ಹುಣ್ಣು ಆಗಿತ್ತು. ಸೋಂಕಿನಿಂದ ಬರುವುದು. ಹತ್ತು ದಿನ ಮಾತ್ರೆ ನುಂಗಿದೆ, ಕಡಿಮೆಯಾಯಿತು, ಮತ್ತೆ ಬಂತು, ಮತ್ತೆ ನುಂಗಿದೆ. ಹಾಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಎಂದು ನನಗೆ ಹೇಳಿದ್ದರು. ಮುಟ್ಟಿದರೆ ರಕ್ತ ಬರುವುದನ್ನು ಸುಮ್ಮನೆ ಬಿಡಬೇಡಿ ತಂಗಿ, ಗರ್ಭಕೋಶದ ಬಾಯಿಯ ಜೀವಕೋಶ ತೆಗೆದು ನೋಡುವ ಪ್ಯಾಪ್ ಪರೀಕ್ಷೆ ಮಾಡಿಸಿ.

ನಿವೃತ್ತ ನರ್ಸ್, ಶಿವಮೊಗ್ಗ

ಹುಬ್ಬಳ್ಳಿಯವರ ಕೊನೆಯ ಮಾತು ಸರಿ, ಮೊದಲಿನದು ಸರಿಯಲ್ಲ. ಇದು ಹುಣ್ಣಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸ್ತ್ರೀರೋಗ ವಿಭಾಗದಲ್ಲಿ ದೀಪ ಹಿಡಿದು ನಿಂತು ಇದನ್ನು ನೋಡಿದವಳು ನಾನು. ನಿಮ್ಮ ತುಟಿಯನ್ನು ಸ್ವಲ್ಪ ಹೊರಕ್ಕೆ ಮಡಚಿ ಕನ್ನಡಿಯಲ್ಲಿ ನೋಡಿಕೊಳ್ಳಿ. ಹೊರಗಿನ ಚರ್ಮ ದಪ್ಪ ಮತ್ತು ತಿಳಿ, ಒಳಗಿನದು ತೆಳು, ಕೆಂಪು, ಸದಾ ಒದ್ದೆ. ಗರ್ಭಕೋಶದ ಬಾಯಿಯಲ್ಲಿಯೂ ಹಾಗೆಯೇ. ಒಳದಾರಿಯ ಪದರವು ಹೊರಮುಖಕ್ಕೆ ಹೊರಳಿ ಬಂದರೆ, ಒಳಗೆ ನೋಡಲು ಸ್ಪೆಕ್ಯುಲಮ್ ಎಂಬ ಉಪಕರಣ ಹಾಕಿದಾಗ ರಂಧ್ರದ ಸುತ್ತ ಮಖಮಲ್ಲಿನಂತಹ ಕೆಂಪು ಬಿಲ್ಲೆ ಕಾಣುತ್ತದೆ, ಅದೇ ಎಕ್ಟ್ರೋಪಿಯನ್. ಆ ಪದರಕ್ಕೆ ಒಂದೇ ಸಾಲು ಜೀವಕೋಶ. ಅದರ ಕೆಲಸವೇ ಲೋಳೆ ಸುರಿಸುವುದು, ಆದ್ದರಿಂದ ನೀರು ಹೋಗುತ್ತದೆ. ರಕ್ತನಾಳಗಳು ಅದರ ಕೆಳಗೇ ಇರುವುದರಿಂದ ಹತ್ತಿಯ ತುದಿ ತಾಕಿದರೂ ರಕ್ತ ಜಿನುಗುತ್ತದೆ.

ಹೊರಕ್ಕೆ ಹೊರಳಿಸುವುದು ಹೆಚ್ಚಾಗಿ ಈಸ್ಟ್ರೊಜನ್ ಎಂಬ ಹಾರ್ಮೋನ್. ಹರೆಯದಲ್ಲಿ, ಬಸಿರಿನಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಬಹಳ ಸಾಮಾನ್ಯ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ಆದರೆ ಮುಟ್ಟಿದರೆ ರಕ್ತ ಬರುವುದು ಕ್ಯಾನ್ಸರಿಗೂ ಇರುವ ಲಕ್ಷಣ, ಕ್ಲಮೈಡಿಯಾದಂತಹ ಸೋಂಕಿಗೂ ಇರುವ ಲಕ್ಷಣ, ಪಾಲಿಪ್ ಎಂಬ ಸಣ್ಣ ಗಂಟಿಗೂ ಇರುವ ಲಕ್ಷಣ. ಇವು ಮೂರೂ ಅಲ್ಲ ಎಂದು ತಿಳಿದ ಮೇಲೆಯೇ ಎಕ್ಟ್ರೋಪಿಯನ್ ಎನ್ನಬೇಕು. ಹಾಗೆಂದು ಪರೀಕ್ಷೆಯಿಲ್ಲದೆ ಪದೇ ಪದೇ ಆಂಟಿಬಯೋಟಿಕ್ ನುಂಗುವುದರಿಂದ ಈ ಕೆಂಪು ಹೋಗುವುದಿಲ್ಲ.

ಮೂರು ಮಾತು ಹೇಳಿ: ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಪ್ಯಾಪ್ ಯಾವಾಗ ಆಯಿತು? ಸೋಂಕು ಇದೆಯೇ ಎಂದು ನೋಡಲು ಹತ್ತಿಯ ಕಡ್ಡಿಯಿಂದ ಸ್ವಾಬ್ ತೆಗೆದಿದ್ದಾರೆಯೇ?

ಮೈಸೂರಿನ ಶಾಲಾ ಶಿಕ್ಷಕಿ

ಐದು ತಿಂಗಳ ಬಸುರಿಯಾಗಿದ್ದಾಗ ಸೇರಿದ ನಂತರ ಕೆಂಪು ರಕ್ತ ಕಂಡು ನಡುಗಿಹೋಗಿದ್ದೆ. ಮೊದಲು ಸ್ಕ್ಯಾನ್ ಮಾಡಿ ಮಾಸು ಎಲ್ಲಿದೆ ಎಂದು ನೋಡಿದರು. ಅದು ಮೇಲಿತ್ತು. ಆಮೇಲೆ ಸ್ಪೆಕ್ಯುಲಮ್ ಹಾಕಿ, ಇದೇ ಕೆಂಪು ಎಂದರು. ಏನೂ ಮಾಡಲಿಲ್ಲ. ಹೆರಿಗೆಯಾಗಿ ಕೆಲವು ತಿಂಗಳಿಗೆ ತಾನಾಗಿ ನಿಂತಿತು. ನೀವೂ ಬಸುರಿಯಾದರೆ ಸರಿಹೋಗಬಹುದು.

ನಿವೃತ್ತ ನರ್ಸ್, ಶಿವಮೊಗ್ಗ

ಶಿಕ್ಷಕಿಯವರೇ, ನಿಮ್ಮದು ಬಸಿರಿನಿಂದಲೇ ಹೆಚ್ಚಾದದ್ದು, ಹೆರಿಗೆಯಾದ ಮೇಲೆ ಇಳಿಯಿತು. ಇವರು ಬಸುರಿಯಾದರೆ ಕಡಿಮೆಯಾಗುವುದರ ಬದಲು ಹೆಚ್ಚೇ ಆಗಬಹುದು.

ಕೇಳಿದವರು, ದಾವಣಗೆರೆ

ಹೌದು ಅಕ್ಕ, ಹದಿನಾಲ್ಕು ತಿಂಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಯಾರೂ ಹೇಳಲೇ ಇಲ್ಲ. ಪ್ಯಾಪ್ ಕಳೆದ ವರ್ಷ ಮಾಡಿಸಿದ್ದು, ಸರಿ ಇತ್ತು. ಆಗ ರಕ್ತ ಬರುತ್ತಿರಲಿಲ್ಲ. ಸ್ವಾಬ್ ತೆಗೆದಿಲ್ಲ.

ನಿವೃತ್ತ ನರ್ಸ್, ಶಿವಮೊಗ್ಗ

ಹಾಗಾದರೆ ಸುಡಿಸುವ ಮಾತು ಈಗಲೇ ಬೇಡ. ಮೊದಲು ಸ್ವಾಬ್. ಸೋಂಕು ಇದ್ದು ಸುಟ್ಟರೆ ಅದು ಮೇಲಕ್ಕೆ, ಗರ್ಭಕೋಶಕ್ಕೆ ಹತ್ತುವ ಭಯವಿದೆ. ಸೋಂಕು ಸಿಕ್ಕರೆ ಗಂಡನಿಗೂ ಚಿಕಿತ್ಸೆ ಆಗಬೇಕು.

ಕಳೆದ ವರ್ಷದ ಪ್ಯಾಪ್ ಸರಿ ಇತ್ತು ಎಂದು ಅದನ್ನೇ ನಂಬಿ ಕೂರಬೇಡಿ. ರಕ್ತ ಆಮೇಲೆ ಶುರುವಾದದ್ದು. ಕಣ್ಣಿಗೆ ಗಟ್ಟಿಯಾದ, ಏರುಪೇರಾದ, ಮುಟ್ಟಿದರೆ ಉದುರುವ ಬೆಳವಣಿಗೆ ಕಂಡರೆ ಪ್ಯಾಪ್ ಏನೇ ಹೇಳಲಿ, ಚೂರು ತೆಗೆದು ಬಯಾಪ್ಸಿಗೆ ಕಳಿಸಲೇಬೇಕು. ನಯವಾದ ಕೆಂಪು ಮಾತ್ರ ಇದ್ದರೆ ಪ್ಯಾಪ್ ಮತ್ತೆ ಬೇಕೇ ಎಂದು ವೈದ್ಯೆಯನ್ನೇ ಕೇಳಿ. ಮಾದರಿ ತೆಗೆದ ದಿನ ಬ್ರಷ್ ತಾಕಿ ಒಂದೆರಡು ದಿನ ಕಲೆ ಕಾಣುತ್ತದೆ, ಅದಕ್ಕೆ ಗಾಬರಿಯಾಗಬೇಡಿ.

ಮೂರನೆಯದು ಮಾತ್ರೆ. ಎಲ್ಲವೂ ಸರಿ ಎಂದು ಗೊತ್ತಾದರೆ ಅದನ್ನು ಬದಲಾಯಿಸಿ ನೋಡುವ ಮಾತನ್ನು ವೈದ್ಯೆಯೊಂದಿಗೆ ಆಡಿ. ಬದಲಿ ಏರ್ಪಾಡಿಲ್ಲದೆ ನಿಲ್ಲಿಸಬೇಡಿ. ಕಾಪರ್-ಟಿ ಹಾಕಿಸಿಕೊಂಡರೆ ಅದರಿಂದಲೇ ಸ್ರಾವ ಹೆಚ್ಚಾಗಬಹುದು, ಆಗ ಯಾವುದರಿಂದ ಯಾವುದು ಎಂದು ತಿಳಿಯುವುದಿಲ್ಲ. ಮೂರು ತಿಂಗಳು ಕಾಂಡೋಮ್ ಬಳಸಿದರೆ ಲೆಕ್ಕ ಸ್ಪಷ್ಟವಾಗುತ್ತದೆ.

ಪುಣೆಯಲ್ಲಿರುವ ಧಾರವಾಡದವಳು

ನಾನು ಈ ಕೆಂಪನ್ನು ಸುಡಿಸುವ ಬದಲು ಶೀತದಿಂದ ಹೆಪ್ಪುಗಟ್ಟಿಸಿಕೊಂಡವಳು. ಎರಡು ಮಕ್ಕಳಾಗಿದ್ದವು, ಸೋಂಕಿರಲಿಲ್ಲ, ಪ್ಯಾಪ್ ಸರಿ ಇತ್ತು, ಆದರೂ ದಿನವಿಡೀ ಪ್ಯಾಡ್ ಹಾಕಿಕೊಂಡು ತೊಡೆಯ ಸಂದಿಯ ಚರ್ಮ ಸುಲಿದಿತ್ತು. ಕ್ರಯೋ ಎಂದರು. ಮಂಪರು ಕೊಡಲಿಲ್ಲ. ತಣ್ಣಗಿನ ಲೋಹದ ತುದಿಯನ್ನು ಮೂರು ನಿಮಿಷ ಒತ್ತಿ ಹಿಡಿದು, ಐದು ನಿಮಿಷ ಬಿಟ್ಟು, ಮತ್ತೆ ಮೂರು ನಿಮಿಷ ಹಿಡಿದರು. ಮುಟ್ಟಿನ ನೋವಿನಂತೆ ಹೊಟ್ಟೆ ಹಿಂಡಿತು, ಎದ್ದಾಗ ತಲೆ ತಿರುಗಿತು, ಕಾಲು ಗಂಟೆ ಅಲ್ಲೇ ಮಲಗಿದ್ದೆ.

ಆಮೇಲಿನ ಮೂರು ವಾರದ ಬಗ್ಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ಮೊದಲಿಗಿಂತ ಹೆಚ್ಚು ನೀರು ಹೋಯಿತು, ಬಕೆಟ್ ಚೆಲ್ಲಿದಂತೆ. ಒಂದು ತಿಂಗಳು ಸೇರಬಾರದು, ಒಳಗೆ ಏನೂ ಇಡಬಾರದು ಎಂದಿದ್ದರು. ಜ್ವರವೋ ಕೆಟ್ಟ ವಾಸನೆಯೋ ಬಂದರೆ ಕೂಡಲೇ ಬನ್ನಿ ಎಂದೂ ಹೇಳಿದ್ದರು, ನನಗೆ ಬರಲಿಲ್ಲ. ಆರನೆಯ ವಾರಕ್ಕೆ ಒಣಗಿತು. ಎರಡು ವರ್ಷದ ನಂತರ ಸ್ವಲ್ಪ ಸ್ವಲ್ಪ ಮತ್ತೆ ಶುರುವಾಗಿದೆ. ಆದರೂ ಮಾಡಿಸಿದ್ದಕ್ಕೆ ನನಗೆ ಬೇಸರವಿಲ್ಲ.

ಕಲಬುರಗಿ ಜಿಲ್ಲೆಯವಳು

ನಮ್ಮ ಅತ್ತಿಗೆಗೆ 33ನೆಯ ವಯಸ್ಸಿನಲ್ಲಿ ಇದನ್ನೇ ಹುಣ್ಣು ಎಂದು, ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿ ಗರ್ಭಕೋಶವನ್ನೇ ತೆಗೆದರು. ಪ್ಯಾಪ್ ಇಲ್ಲ, ಬಯಾಪ್ಸಿ ಇಲ್ಲ, ಒಂದು ಸ್ಕ್ಯಾನ್ ಅಷ್ಟೇ. ಸಾಲ ಮಾಡಿ ಕಟ್ಟಿದ್ದೇವೆ. ‘ಹುಣ್ಣು’ ಎಂಬ ಪದ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಯಾರಾದರೂ ಹಾಗೆ ಹೇಳಿದರೆ ಪರೀಕ್ಷೆಯ ಕಾಗದ ಕೇಳಿ ತಂಗಿ.

ತುಮಕೂರಿನಿಂದ, 56 ವರ್ಷ

ಓದಿ ಸಮಾಧಾನವಾಯಿತು. ನನಗೆ ಮುಟ್ಟು ನಿಂತು ಆರು ವರ್ಷವಾಗಿದೆ, ಎರಡು ತಿಂಗಳಿಂದ ಆಗಾಗ ಕಲೆ ಕಾಣುತ್ತದೆ. ಇದೇ ಕೆಂಪು ಇರಬೇಕು. ಬಿಟ್ಟುಬಿಡಬಹುದಲ್ಲವೇ?

ನಿವೃತ್ತ ನರ್ಸ್, ಶಿವಮೊಗ್ಗ

ಇಲ್ಲ ಅಮ್ಮ, ಬಿಡಬೇಡಿ. ಮುಟ್ಟು ನಿಂತ ಮೇಲೆ ಈಸ್ಟ್ರೊಜನ್ ಇಳಿದು ಆ ಪದರ ಒಳಕ್ಕೆ ಸರಿದಿರುತ್ತದೆ. ನಿಮ್ಮ ವಯಸ್ಸಿನ ರಕ್ತವನ್ನು ಎಕ್ಟ್ರೋಪಿಯನ್ ಎಂದುಕೊಳ್ಳುವಂತಿಲ್ಲ. ಈ ವಾರವೇ ಹೋಗಿ. ಗರ್ಭಕೋಶದ ಒಳಪದರ ಎಷ್ಟು ದಪ್ಪವಿದೆ ಎಂದು ಸ್ಕ್ಯಾನ್‌ನಲ್ಲಿ ನೋಡಬೇಕು, ಬಾಯಿಯನ್ನೂ ಪರೀಕ್ಷಿಸಬೇಕು. ಹೋಗಿಬಂದು ಇಲ್ಲಿ ಒಂದು ಸಾಲು ಬರೆಯಿರಿ.

ಕೇಳಿದವರು, ದಾವಣಗೆರೆ, ನಾಲ್ಕು ತಿಂಗಳ ನಂತರ

ಸ್ವಾಬ್‌ನಲ್ಲಿ ಏನೂ ಸಿಗಲಿಲ್ಲ. ಪ್ಯಾಪ್ ಮತ್ತೆ ಮಾಡಿದರು, ಸರಿ ಇದೆ. ಸ್ಟ್ರಿಪ್ ಮುಗಿಸಿ ಮಾತ್ರೆ ನಿಲ್ಲಿಸಿದೆವು. ನೀರು ಈಗ ದಿನಕ್ಕೆ ಒಂದು ತೆಳು ಪ್ಯಾಡಿಗೆ ಇಳಿದಿದೆ. ರಕ್ತದ ಕಲೆ ಮೊದಲು ಪ್ರತಿ ಸಲ ಬರುತ್ತಿತ್ತು, ಕಳೆದ ತಿಂಗಳು ಒಂದೇ ಸಲ. ಪೂರ್ತಿ ನಿಂತಿಲ್ಲ. ಇನ್ನು ಎರಡು ತಿಂಗಳು ನೋಡಿ, ಆಮೇಲೆ ಕ್ರಯೋ ಬಗ್ಗೆ ಯೋಚಿಸೋಣ ಎಂದು ಮೊದಲಿನ ವೈದ್ಯೆ ಹೇಳಿದ್ದಾರೆ. ಧಾರವಾಡದ ಅಕ್ಕ, ನಿಮಗೆ ಮಕ್ಕಳಾದ ಮೇಲೆ ಮಾಡಿದರು. ನನಗೆ ಇನ್ನೂ ಮಕ್ಕಳಾಗಿಲ್ಲ. ಮಕ್ಕಳಾಗುವ ಮೊದಲೇ ಮಾಡಿಸಿಕೊಂಡವರು ಯಾರಾದರೂ ಇದ್ದರೆ ತಿಳಿಸಿ.

ತುಮಕೂರಿನ ಅಮ್ಮ, ನೀವು ಹೋಗಿಬಂದಿರಾ?