ಆರು ಸಾವಿರ ಚದರಡಿ ಗೋದಾಮಿನಲ್ಲಿ ಎಷ್ಟು ಪ್ಯಾಲೆಟ್ ಹಿಡಿಯುತ್ತದೆ?

ಪ್ರಶ್ನೆ (ಗಂಗಾವತಿ, ರೈಸ್ ಮಿಲ್): ಮಿಲ್ ಪಕ್ಕದಲ್ಲೇ ಗೋದಾಮು ಬಾಡಿಗೆಗೆ ಇದೆ. ಒಳಗೆ 100 ಅಡಿ ಉದ್ದ, 60 ಅಡಿ ಅಗಲ, ನಡುವೆ ಕಂಬ ಇಲ್ಲ. ಬಾಗಿಲು ಅಗಲದ ಗೋಡೆಯ ಮಧ್ಯದಲ್ಲಿದೆ. ನಮ್ಮದು ಸೋನಾ ಮಸೂರಿ, 25 ಕೆಜಿ ಪ್ಲಾಸ್ಟಿಕ್ ಚೀಲ, ಪ್ಯಾಲೆಟ್‌ಗೆ 40 ಚೀಲ. ಡೀಸೆಲ್ ಫೋರ್ಕ್‌ಲಿಫ್ಟ್ ಇದೆ. ಬ್ರೋಕರ್ "ಮೂರು ಎತ್ತರ ಹಾಕಿ, 1,300 ಪ್ಯಾಲೆಟ್ ಆರಾಮಾಗಿ ಕೂರುತ್ತೆ" ಅಂತಾರೆ. ನಂಬಬಹುದಾ? ಸೀಸನ್‌ಗೆ ಸಾಕಾಗುತ್ತಾ?

ಕಾರಟಗಿ, ವ್ಯಾಪಾರಿ: 1,300 ಸುಳ್ಳು. ದಾರಿಗೆ ಮೂರರಲ್ಲಿ ಒಂದು ಪಾಲು ಬಿಡಿ, 900 ಬರುತ್ತೆ. ರ್ಯಾಕ್ ಹಾಕಿಸಿದರೆ ಇನ್ನೂ ಜಾಸ್ತಿ.

ರಾಯಚೂರು, ಹತ್ತಿ ಜಿನ್ನಿಂಗ್: ನಮ್ಮ ಬೇಲ್ ಒಂದೊಂದು 170 ಕೆಜಿ. ಹಮಾಲರು ಒಂದರ ಮೇಲೊಂದು ಏರಿಸ್ತಾರೆ. ಪ್ಯಾಲೆಟ್ ಯಾಕೆ ಬೇಕು ಸ್ವಾಮಿ? ಸುಮ್ನೆ ಜಾಗ ದಂಡ.

ಉತ್ತರ (ಬಳ್ಳಾರಿ, ಗೋದಾಮು ಪ್ಲಾನಿಂಗ್ ಕೆಲಸ): ಬ್ರೋಕರ್ ಲೆಕ್ಕ ಎಲ್ಲಿಂದ ಬಂತು ಅಂದರೆ, ಆರು ಸಾವಿರ ಚದರಡಿಯನ್ನು ಪ್ಯಾಲೆಟ್ ಹಿಡಿಯುವ ಹದಿಮೂರು ಚದರಡಿಯಿಂದ ಭಾಗಿಸಿ ಮೂರರಿಂದ ಗುಣಿಸಿ, ಸ್ವಲ್ಪ ಇಳಿಸಿ ಹೇಳಿದ್ದಾರೆ. ಹಾಗೆ ತುಂಬಿಸಿದ ಗೋದಾಮಿನೊಳಗೆ ಫೋರ್ಕ್‌ಲಿಫ್ಟ್ ಹೋಗುವುದಿಲ್ಲ, ಮನುಷ್ಯನೂ ಹೋಗುವುದಿಲ್ಲ. ಕಾರಟಗಿಯವರು ದಾರಿ ಬಿಟ್ಟಿದ್ದು ಸರಿ. ಆದರೆ ಶೇಕಡಾ ಲೆಕ್ಕದಲ್ಲಿ ಜಾಗ ಸಿಗಲ್ಲ, ನೆಲದ ಮೇಲೆ ಸುಣ್ಣದ ಗೆರೆ ಎಳೆದು ಎಣಿಸಬೇಕು.

ಎಳೆಯೋಣ. ಬಾಗಿಲಿನಿಂದ ಹಿಂದಿನ ಗೋಡೆಯವರೆಗೆ ನಡುವೆ ಒಂದೇ ದಾರಿ. ನಿಮ್ಮ ಡೀಸೆಲ್ ಫೋರ್ಕ್‌ಲಿಫ್ಟ್ ಪ್ಯಾಲೆಟ್ ಹೊತ್ತುಕೊಂಡು ಅಡ್ಡ ತಿರುಗಲು ಸುಮಾರು 13 ಅಡಿ ಬೇಕು. ಎರಡೂ ಪಕ್ಕದ ಗೋಡೆಯಿಂದ ಎರಡೂವರೆ ಅಡಿ ಬಿಡಿ. ಇದನ್ನು ಬಿಡಲು ಎಲ್ಲರಿಗೂ ಹೊಟ್ಟೆ ಉರಿಯುತ್ತದೆ. ಆದರೆ ಹುಳಕ್ಕೆ ಗ್ಯಾಸ್ ಹಾಕುವಾಗ ತಾಡಪತ್ರಿ ಹೊದಿಸಿ, ಸುತ್ತ ಮರಳು ತುಂಬಿದ ಉದ್ದ ಚೀಲ ಇಟ್ಟು ಅಂಚು ಒತ್ತಬೇಕಲ್ವಾ? ಆ ಕೆಲಸಕ್ಕೆ ಮನುಷ್ಯ ನಡೆಯುವಷ್ಟು ಜಾಗ ಬೇಕೇ ಬೇಕು. ಗೋಡೆಯ ತೇವ ಚೀಲಕ್ಕೆ ತಾಗದಿರುವುದು ಇನ್ನೊಂದು ಲಾಭ.

ಈಗ ದಾರಿಯ ಪ್ರತಿ ಪಕ್ಕದಲ್ಲಿ 21 ಅಡಿ ಉಳಿಯಿತು. ನಾಲ್ಕಡಿ ಆಳದ ಪ್ಯಾಲೆಟ್ ಒಂದರ ಹಿಂದೊಂದು ಐದು ಕೂರುತ್ತವೆ. ಉದ್ದದಲ್ಲಿ ಬಾಗಿಲ ಮುಂದೆ ಲೋಡಿಂಗ್‌ಗೆ 16 ಅಡಿ, ಹಿಂದಿನ ಗೋಡೆಗೆ ಎರಡೂವರೆ ಅಡಿ, ಗ್ಯಾಸ್ ಹಾಕಲು ನಡುವೆ ಒಂದು ಅಡ್ಡ ಸಂದಿ ಮೂರಡಿ. ಉಳಿದ 78 ಅಡಿಯಲ್ಲಿ ಒಂದು ಸಾಲಿಗೆ ಪ್ಯಾಲೆಟ್ ಅಗಲ ಮತ್ತು ಬೆರಳು ಆಡುವ ಸಂದಿ ಸೇರಿ 3.8 ಅಡಿ ಬೇಕು. ಅಂದರೆ ಪಕ್ಕಕ್ಕೆ 20 ಸಾಲು. ಎರಡೂ ಪಕ್ಕ ಸೇರಿ 40 ಸಾಲು, ಸಾಲಿಗೆ ಐದು. ನೆಲದ ಮೇಲೆ 200 ಪ್ಯಾಲೆಟ್. ಎರಡು ಎತ್ತರ ಹಾಕಿದರೆ 400. ನಿಮ್ಮ ಪ್ಯಾಲೆಟ್ ಒಂದು ಟನ್, ಹಾಗಾಗಿ 400 ಟನ್.

ಮೂರು ಎತ್ತರ ಯಾಕಿಲ್ಲ ಅಂದರೆ, ಅಡ್ಡಿ ಛಾವಣಿಯದಲ್ಲ. ಪ್ಯಾಲೆಟ್ ಎತ್ತರ ನಾಲ್ಕಡಿ, ಮೂರಕ್ಕೆ 12 ಅಡಿ ಆಯಿತು. ಪ್ಲಾಸ್ಟಿಕ್ ಚೀಲ ಜಾರುತ್ತದೆ, ಕೆಳಗಿನದು ಎರಡು ಟನ್ ಹೊತ್ತು ಉಬ್ಬುತ್ತದೆ. ಒಂದು ವಾರ ಬಿಟ್ಟು ಕೆಳಗಿನ ಪ್ಯಾಲೆಟ್ ನೋಡಿ. ಚೀಲ ಹಲಗೆಯ ಅಂಚು ದಾಟಿ ಹೊರಗೆ ಬಂದಿದ್ದರೆ, ನಿಟ್ಟು ದಾರಿಯ ಕಡೆ ವಾಲಿದ್ದರೆ, ಮೇಲಿನದು ಯಾವತ್ತೋ ಒಂದು ದಿನ ಕೆಳಗೆ ಬರುತ್ತದೆ.

ಹತ್ತಿಯವರೇ, ಬೇಲ್ ತನ್ನಷ್ಟಕ್ಕೆ ಒತ್ತಿ ಕಟ್ಟಿದ ಗಟ್ಟಿ ಮಾಲು. ಅದಕ್ಕೂ ಇದಕ್ಕೂ ಹೋಲಿಸಬೇಡಿ. ಕೈಯಿಂದ ನಿಟ್ಟು ಹಾಕಿದರೆ ಟನ್ ಜಾಸ್ತಿ ಹಿಡಿಯುತ್ತದೆ, ಒಪ್ಪುತ್ತೇನೆ. ಇವರು ಕೇಳಿದ್ದು ಪ್ಯಾಲೆಟ್ ಲೆಕ್ಕ.

ಕಾರಟಗಿ, ವ್ಯಾಪಾರಿ: ರ್ಯಾಕ್ ವಿಷಯ ಹೇಳಲೇ ಇಲ್ಲ ಸರ್. ಮೂರು ಅಂತಸ್ತು ಕೊಡುತ್ತಲ್ಲ?

ಉತ್ತರ: ಕೊಡುತ್ತದೆ, ಆದರೆ ಪ್ರತಿ ಪ್ಯಾಲೆಟ್ ಮುಂದೆ ದಾರಿ ಇರಬೇಕು. ಈ ಫೋರ್ಕ್‌ಲಿಫ್ಟ್‌ಗೆ 13 ಅಡಿಯ ಎರಡು ದಾರಿ ಬಿಟ್ಟರೆ 60 ಅಡಿಯಲ್ಲಿ ರ್ಯಾಕ್ ನಾಲ್ಕೇ ಸಾಲು. ಸಾಲಿಗೆ 20 ಪ್ಯಾಲೆಟ್, ಮೂರು ಅಂತಸ್ತು, ಒಟ್ಟು 240. ನೆಲದ ನಿಟ್ಟಿಗಿಂತ ಕಡಿಮೆ! ಇಕ್ಕಟ್ಟಿನಲ್ಲೂ ತಿರುಗುವ ರೀಚ್ ಟ್ರಕ್ ಅನ್ನೋ ಫೋರ್ಕ್‌ಲಿಫ್ಟ್ ತಂದರೆ ಒಂಬತ್ತೂವರೆ ಅಡಿ ದಾರಿ ಸಾಕು, ಆರು ಸಾಲು ಹಿಡಿದು 360 ಆಗುತ್ತದೆ. ಅದಕ್ಕೆ ನೆಲ ತೀರಾ ಸಮತಟ್ಟಾಗಿರಬೇಕು. ಇಪ್ಪತ್ತು ಮೂವತ್ತು ಬಗೆಯ ಮಾಲಿದ್ದವರಿಗೆ ರ್ಯಾಕ್ ಸರಿ. ಮಿಲ್‌ನವರೇ, ನಿಮ್ಮದು ಎಷ್ಟು ಬ್ರಾಂಡ್? ಸೀಸನ್‌ನಲ್ಲಿ ದಿನಕ್ಕೆ ಎಷ್ಟು ಮಾಲು ಬರುತ್ತದೆ, ಎಷ್ಟು ಹೋಗುತ್ತದೆ?

ಪ್ರಶ್ನೆ ಕೇಳಿದವರು: ಆರು ಬ್ರಾಂಡ್. ನವೆಂಬರ್ ಕೊನೆಗೆ ಹೊಸ ಭತ್ತ ಬಂದ ಮೇಲೆ ದಿನಕ್ಕೆ 30 ಟನ್ ಅಕ್ಕಿ ಇಳಿಯುತ್ತೆ, ಲಾರಿಗೆ ಹೋಗೋದು 24. ಇದು ಸುಮಾರು ಒಂದು ತಿಂಗಳು ನಡೆಯುತ್ತೆ. ಶುರುವಾಗುವಾಗ 200 ಟನ್ ಸ್ಟಾಕ್ ಇರುತ್ತೆ. ವರ್ಷದ ಸರಾಸರಿ 220, ಅದಕ್ಕೇ 400 ಅಂದ್ರೆ ಧಾರಾಳ ಅನ್ನಿಸ್ತಿದೆ.

ಉತ್ತರ: ಸರಾಸರಿ ಬಿಟ್ಟುಬಿಡಿ. ಮೊದಲು 400ರಲ್ಲಿ ಬಳಕೆಗೆ ಸಿಗುವುದು ಎಷ್ಟು ನೋಡಿ. ಒಂದು ಸಾಲಿನಲ್ಲಿ 10 ಪ್ಯಾಲೆಟ್. ಅದರಲ್ಲಿ ಒಂದೇ ಬ್ರಾಂಡ್ ಇಡಬೇಕು, ಇಲ್ಲದಿದ್ದರೆ ಹಿಂದಿನದು ತೆಗೆಯಲು ಮುಂದಿನದೆಲ್ಲ ಎತ್ತಬೇಕಾಗುತ್ತದೆ. ಪ್ರತಿ ಬ್ರಾಂಡ್‌ಗೆ ತುಂಬುತ್ತಿರುವ ಸಾಲು ಒಂದು, ಖಾಲಿಯಾಗುತ್ತಿರುವ ಸಾಲು ಒಂದು ಯಾವಾಗಲೂ ಇರುತ್ತದೆ. ಎರಡೂ ಸರಾಸರಿ ಅರ್ಧ ಖಾಲಿ. ಆರು ಬ್ರಾಂಡ್‌ಗೆ 12 ಸಾಲು, ಸಾಲಿಗೆ ಐದು ಜಾಗ ಹೋಯಿತು. 60 ಕಳೆದರೆ ಕೈಯಲ್ಲಿರುವುದು 340.

ದಿನಕ್ಕೆ ಆರು ಟನ್ ಉಳಿಯುತ್ತದೆ. 200ರಿಂದ 340ಕ್ಕೆ ಏರಲು 23 ದಿನ ಸಾಕು. ತಿಂಗಳ ಕೊನೆಗೆ 380 ಬೇಕು, 40 ಪ್ಯಾಲೆಟ್‌ಗೆ ಜಾಗ ಇಲ್ಲ. ಅದು ಗೊತ್ತಾಗುವುದು ಹೀಗೆ: ಮೊದಲು ಬಾಗಿಲ ಮುಂದಿನ 16 ಅಡಿಯಲ್ಲಿ "ಒಂದು ದಿನಕ್ಕೆ ಮಾತ್ರ" ಅಂತ ನಾಲ್ಕು ಪ್ಯಾಲೆಟ್ ನಿಲ್ಲುತ್ತವೆ. ಆಮೇಲೆ ನಡುದಾರಿಯಲ್ಲಿ. ಫೋರ್ಕ್‌ಲಿಫ್ಟ್ ಒಂದು ಪ್ಯಾಲೆಟ್ ತೆಗೆಯಲು ಎರಡು ಸರಿಸುತ್ತದೆ, ಲಾರಿ ಕಾಯುತ್ತದೆ, ದಿನಕ್ಕೆ 24 ಹೋಗುತ್ತಿದ್ದದ್ದು 20ಕ್ಕೆ ಇಳಿಯುತ್ತದೆ. ಆಗ ಉಳಿಕೆ ದಿನಕ್ಕೆ 10 ಟನ್. ತುಂಬಿದ ಗೋದಾಮು ಇನ್ನೂ ಬೇಗ ತುಂಬುವುದು ಹೀಗೇ.

ನನ್ನ ಸಲಹೆ, ಇದನ್ನು ಬಾಡಿಗೆಗೆ ಹಿಡಿಯಿರಿ. ಆದರೆ ಸೀಸನ್‌ನ ಒಂದೂವರೆ ತಿಂಗಳಿಗೆ ಬೇರೆ ಕಡೆ 50 ಟನ್ ಜಾಗ ಈಗಲೇ ಮಾತಾಡಿಟ್ಟುಕೊಳ್ಳಿ. ನಿಧಾನ ಹೋಗುವ ಒಂದು ಬ್ರಾಂಡ್ ಪೂರ್ತಿ ಅಲ್ಲಿಗೆ ಕಳಿಸಿದರೆ ಇಲ್ಲಿ ಅರ್ಧ ಖಾಲಿ ಸಾಲೂ ಕಡಿಮೆಯಾಗುತ್ತದೆ.

ಸಿಂಧನೂರು, ಮಿಲ್ ಸೂಪರ್‌ವೈಸರ್: ನಾವು ಎರಡರ ಮೇಲೆ ಪ್ಲೈವುಡ್ ಹಾಳೆ ಹಾಕಿ, ಪ್ಯಾಲೆಟ್‌ಗೆ ಪ್ಲಾಸ್ಟಿಕ್ ಸುತ್ತಿ ಮೂರು ಇಡ್ತೀವಿ. ಎರಡು ಸೀಸನ್‌ನಿಂದ ಒಂದೂ ಬಿದ್ದಿಲ್ಲ.

ಉತ್ತರ: ಹಾಳೆ ಹಾಕಿದರೆ ಭಾರ ಹರಡುತ್ತದೆ, ಅದು ನಿಜ. ಮಾಲು ಎಷ್ಟು ದಿನ ನಿಲ್ಲುತ್ತದೆ? ವಾರದಲ್ಲಿ ಹೋಗುವುದಾದರೆ ನಾನೂ ಸುಮ್ಮನಿರುತ್ತೇನೆ. ತಿಂಗಳು ನಿಲ್ಲುವ ಮಾಲಿಗೆ ನಾನು ಸಹಿ ಹಾಕಲ್ಲ.

ಸಿಂಧನೂರು, ಮಿಲ್ ಸೂಪರ್‌ವೈಸರ್: ನಮ್ಮದು ನಲವತ್ತು ದಿನ ನಿಂತದ್ದೂ ಇದೆ ಸರ್. ಫೋಟೋ ಹಾಕ್ತೀನಿ.

ಪ್ರಶ್ನೆ ಕೇಳಿದವರು: ನಾನು ಕೊಟ್ಟ ಲೆಕ್ಕ ಹೋದ ವರ್ಷದ್ದು. ಅದನ್ನೇ ಹಿಡಿಯಬಹುದಾ?

ಉತ್ತರ: ಒಂದೇ ವರ್ಷ ಸಾಲದು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಎರಡನೇ ಬೆಳೆಗೆ ನೀರು ಬಿಟ್ಟ ವರ್ಷದ ರಿಜಿಸ್ಟರ್ ಒಂದು, ಬಿಡದ ವರ್ಷದ್ದು ಒಂದು ತೆಗೆಯಿರಿ. ನೀರು ಬಿಟ್ಟರೆ ಬೇಸಿಗೆ ಭತ್ತ ಬಂದು ಎರಡನೇ ಸಲ ಏರುತ್ತದೆ. ಎರಡರಲ್ಲೂ ದಿನದ ಕೊನೆಯ ಸ್ಟಾಕ್ ನೋಡಿ, ಅತಿ ಜಾಸ್ತಿ ಇದ್ದ ದಿನ ಯಾವುದು ಅಂತ ಹಾಕಿ. ಮುಂದಿನ ಲೆಕ್ಕ ಅಲ್ಲಿಂದ ಮಾಡೋಣ.