ಕೊನೇ ವರ್ಷದ ಪ್ರಾಜೆಕ್ಟ್: ಗೈಡ್ ಆಗಿ ಎಂದು ಪ್ರೊಫೆಸರರಿಗೆ ಪತ್ರ, ನಿಮ್ಮ ಅನುಭವ ಹೇಳಿ

ಕೇಳಿದವರು, ನಾಪೋಕ್ಲು ಕಡೆಯವನು: ಕೊನೇ ವರ್ಷ ಇಸಿ. ತೋಟದ ಮನೆಯಲ್ಲಿ ಅಜ್ಜ, ಅಜ್ಜಿ ಇಬ್ಬರೇ ಇದ್ದಾರೆ. ಗ್ಯಾಸ್ ಸೋರಿಕೆ, ಬಾಗಿಲು, ತಾಪಮಾನ ನೋಡಿ ಮೊಬೈಲಿಗೆ ತಿಳಿಸುವ ಎಂಬೆಡೆಡ್ ವ್ಯವಸ್ಥೆ ಮಾಡುವ ಆಸೆ. ಪತ್ರದಲ್ಲಿ ಏನು ಬರೆದರೆ ಸರ್ ಒಪ್ಪುತ್ತಾರೆ?

ವಿರಾಜಪೇಟೆ, ಹಳೇ ಬ್ಯಾಚ್: ನನ್ನ ಮೊದಲ ಪತ್ರ ಎರಡು ಪುಟ ಇತ್ತು, ಬ್ಲಾಕ್ ಡಯಾಗ್ರಾಮ್ ಸಮೇತ. ಸರ್ ಓದಿ ಕೇಳಿದ್ದು ಒಂದೇ ಮಾತು: "ಕರೆಂಟ್ ಹೋದ ಮೇಲೆ ಇದು ಎಷ್ಟು ಹೊತ್ತು ನಡೆಯುತ್ತದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಜುಲೈಯಲ್ಲೇ ನಮ್ಮ ಮನೆಗೆ ಮೂರು ದಿನ ಕರೆಂಟ್ ಇರಲಿಲ್ಲ ಎನ್ನುವುದು ಈಗಲೂ ಚುಚ್ಚುತ್ತದೆ.

ಮನೆಗೆ ಬಂದು ಮೀಟರ್ ಹಿಡಿದೆ. ಎಂಕ್ಯೂ-2 ಗ್ಯಾಸ್ ಸೆನ್ಸರಿನ ಹೀಟರ್ ಒಂದೇ 5 ವೋಲ್ಟಿನಲ್ಲಿ ಸುಮಾರು 150 ಮಿಲಿಆಂಪ್ ಎಳೆಯುತ್ತಿತ್ತು. ಅಂದರೆ ಮುಕ್ಕಾಲು ವ್ಯಾಟ್, ದಿನಕ್ಕೆ 18 ವ್ಯಾಟ್-ಅವರ್. ನಾನು ಹಾಕಿದ್ದ 2600 ಮಿಲಿಆಂಪ್-ಅವರ್ ಸೆಲ್ಲಿನಲ್ಲಿ ಇರುವುದೇ 9.6. ಮೇಲೆ ವೈಫೈ ಬೋರ್ಡ್, ವೋಲ್ಟೇಜ್ ಏರಿಸುವಾಗಿನ ನಷ್ಟ. ಏಳು ಗಂಟೆಗೆ ಎಲ್ಲ ಸ್ತಬ್ಧ.

ಎರಡನೇ ಪತ್ರ ಅರ್ಧ ಪುಟ: "ನನ್ನ ಅಳತೆಯಲ್ಲಿ ಬ್ಯಾಟರಿ ಏಳು ಗಂಟೆ ಬರುತ್ತದೆ, ಮನೆಗೆ ಎರಡು ದಿನ ಬೇಕು. ಹೀಟರನ್ನು ಆಗಾಗ ಆರಿಸಿ ಉರಿಸಿದರೆ ಸೆನ್ಸರಿನ ಓದಿಕೆಯನ್ನು ನಂಬಬಹುದೇ ಎಂಬುದರಲ್ಲಿ ತಮ್ಮ ಮಾರ್ಗದರ್ಶನ ಬೇಕು." ಅಂದೇ ಸಹಿ ಸಿಕ್ಕಿತು. ಕೊನೆಗೆ ನಂಬಲಾಗದು ಎಂದೇ ತೀರ್ಮಾನವಾಯಿತು. ಉರಿಸಿದ ಮೇಲೆ ಓದಿಕೆ ಸ್ಥಿರವಾಗಲು ನಿಮಿಷಗಟ್ಟಲೆ ಬೇಕು, ಆರಿಸಿದಾಗ ಸೋರಿದರೆ ಗೊತ್ತೇ ಆಗುವುದಿಲ್ಲ. ಕರೆಂಟ್ ಹೋದಾಗ ಗ್ಯಾಸ್ ಕಾವಲು ನಿಲ್ಲಿಸಿ, "ಗ್ಯಾಸ್ ನೋಡುತ್ತಿಲ್ಲ" ಎಂದು ಸಂದೇಶ ಕಳಿಸುವಂತೆ ಮಾಡಿದೆ. ಬಾಗಿಲು, ತಾಪಮಾನ ಮಾತ್ರ ಬ್ಯಾಟರಿಯಲ್ಲಿ ಉಳಿದವು.

ಸಿದ್ದಾಪುರದ ಅಕ್ಕ: ನಾನು 14 ಸಾವಿರ ಕೊಟ್ಟು ರೆಡಿ ಪ್ರಾಜೆಕ್ಟ್ ತಂದವಳು. ಬಸ್ಸು, ಕೊರಿಯರ್, ಎರಡನೇ ಸಲದ ಬೋರ್ಡ್ ಸೇರಿ 16,300. ಪತ್ರದಲ್ಲಿ "ನಾನೇ ವಿನ್ಯಾಸ ಮಾಡಿದ್ದೇನೆ" ಎಂದು ಬರೆದಿದ್ದೆ. ವೈವಾದಲ್ಲಿ ವೈಫೈ ಹಿಡಿದೊಡನೆ ಗ್ಯಾಸ್ ಓದಿಕೆ ಕೆಟ್ಟಿತು. ಯಾಕೆ ಎಂದು ಕೇಳಿದರು, ನಿಂತುಬಿಟ್ಟೆ. ಕೋಡಿನಲ್ಲಿ ಇದ್ದದ್ದು ಇದು:

```
int g = analogRead(25);
```

ಇಎಸ್‌ಪಿ-32ರಲ್ಲಿ ವೈಫೈ ನಡೆಯುವಾಗ 25ನೇ ಪಿನ್ನಿನಲ್ಲಿ ಅನಲಾಗ್ ಓದಲು ಆಗುವುದಿಲ್ಲ. 34ಕ್ಕೆ ಬದಲಿಸಿದ್ದರೆ ಮುಗಿಯುತ್ತಿತ್ತು. ಆ ಒಂದು ಸಾಲಿಗೆ ನನ್ನ ಅಂಕ ಹೋಯಿತು.

ಸೋಮವಾರಪೇಟೆಯವ: ವೈಫೈ ಯಾಕೆ ಬೇಕು? ನಾನು ಸಿಮ್800ಎಲ್ ಹಾಕಿದೆ, ಎಸ್ಸೆಮ್ಮೆಸ್ ಬರುತ್ತದೆ, ರೂಟರ್ ಗೋಳಿಲ್ಲ. ಮೊಬೈಲ್ ಚಾರ್ಜರ್ ಕೊಟ್ಟರೆ ಸಾಕು. ಪತ್ರದಲ್ಲಿ "ಜಿಎಸ್‌ಎಂ" ಎಂದು ಬರೆಯಲಿ, ಒಪ್ಪುತ್ತಾರೆ.

ವಿರಾಜಪೇಟೆ, ಹಳೇ ಬ್ಯಾಚ್: ರೂಟರ್ ಮಾತು ಸರಿ. ಚಾರ್ಜರ್ ಮಾತು ತಪ್ಪು, ದಯವಿಟ್ಟು ಹುಡುಗನ ದಾರಿ ತಪ್ಪಿಸಬೇಡಿ. ಆ ಮಾಡ್ಯೂಲಿಗೆ ಬೇಕಾದದ್ದು 3.4ರಿಂದ 4.4 ವೋಲ್ಟ್, 5 ಅಲ್ಲ. ಕಳಿಸುವ ಕ್ಷಣದಲ್ಲಿ 2 ಆಂಪ್ ವರೆಗೆ ಎಳೆಯುತ್ತದೆ. ತಂತಿ ತೆಳುವಾದರೆ ವೋಲ್ಟೇಜ್ ಕುಸಿದು ಮಾಡ್ಯೂಲ್ ಮತ್ತೆ ಮತ್ತೆ ರೀಸ್ಟಾರ್ಟ್. ಮೇಲೆ ಅದು 2ಜಿಯಲ್ಲಿ ಮಾತ್ರ ನಡೆಯುವಂಥದ್ದು, ಜಿಯೋ ಸಿಮ್ ನಡೆಯುವುದೇ ಇಲ್ಲ.

ಸೋಮವಾರಪೇಟೆಯವ: ನನ್ನದು ಎರಡು ವರ್ಷ ನಡೆದಿದೆ. ಮೀಟರ್ ಹಿಡಿದವರಿಗೆ ಮಾತ್ರ ಗೊತ್ತು ಎನ್ನುವ ಧಾಟಿ ಬೇಡ.

ವಿರಾಜಪೇಟೆ, ಹಳೇ ಬ್ಯಾಚ್: ಬ್ಯಾಟರಿಯಿಂದ ಕೊಟ್ಟಿದ್ದೀರೋ, ನೇರ ಚಾರ್ಜರಿನಿಂದಲೋ? ಅದನ್ನು ಹೇಳಿ.

ಕುಶಾಲನಗರದವರು: ಪತ್ರ ವಿಭಾಗದ ಮುಖ್ಯಸ್ಥರ ಮೂಲಕ ಹೋಗಬೇಕು, ಕೆಳಗೆ ತಂಡದ ನಾಲ್ವರ ಸಹಿ, ಯುಎಸ್‌ಎನ್ ಇರಬೇಕು. ನಮ್ಮ ಗೈಡ್ ನಡುವೆ ಬೇರೆ ಕಡೆ ಹೋದರು. ಮೂಲಕ ಕಳಿಸದ ಕಾರಣ ದಾಖಲೆಯೇ ಇರಲಿಲ್ಲ, ಆರು ವಾರ ಅಲೆದೆವು. ಮತ್ತೆ, ಇಂಗ್ಲಿಷಿನಲ್ಲೇ ಬರೆಯಲಿ.

ಸಿದ್ದಾಪುರದ ಅಕ್ಕ: ಯಾಕೆ ಇಂಗ್ಲಿಷ್? ನಮ್ಮ ಮೇಡಂ ಕನ್ನಡ ಪತ್ರವನ್ನೇ ಓದಿ ಒಪ್ಪಿದ್ದರು. ನಾನು ಮೋಸ ಮಾಡಿದ್ದು ಕನ್ನಡದ ತಪ್ಪಲ್ಲ.

ಕುಶಾಲನಗರದವರು: ಅಕ್ಕ, ಫೈಲಿಗೆ ಹೋಗುವ ಕಾಗದದ ಮಾತು ಹೇಳಿದೆ. ಭಾಷೆಗೆ ಅವಮಾನ ಮಾಡಿಲ್ಲ.

ಸೋಮವಾರಪೇಟೆಯವ: ಬ್ಯಾಟರಿ ಇದೆ, ಚಾರ್ಜರ್ ಅದಕ್ಕೆ. ಅದು ಹೇಳದೇ ಇದ್ದದ್ದು ನನ್ನ ತಪ್ಪು. ಆದರೆ ನಿಮ್ಮಲ್ಲಿ ಯಾರೂ ಹೇಳದ್ದು ಇದೆ: ಮಳೆಗಾಲದಲ್ಲಿ ಟವರೇ ಹೋಗುತ್ತದೆ. ನನ್ನ ಪೆಟ್ಟಿಗೆ ಗಂಟೆಗೊಂದು "ಸರಿಯಿದೆ" ಕಳಿಸುತ್ತದೆ. ಹೋದ ಆಗಸ್ಟಿನಲ್ಲಿ ಒಂದು ರಾತ್ರಿ ಮೂರು ಗಂಟೆ ಕಾಲ ಏನೂ ಬರಲಿಲ್ಲ. ಟವರ್ ಹೋಯಿತೋ, ಮನೆಯಲ್ಲೇ ಏನಾದರೂ ಆಯಿತೋ, ಹೇಳುವ ದಾರಿ ಇಲ್ಲ. ಮಡಿಕೇರಿಯಿಂದ ಮಳೆಯಲ್ಲೇ ಬೈಕಿನಲ್ಲಿ ಹೊರಟೆ. ಅವ್ವ ಮಲಗಿದ್ದರು. ಇದನ್ನು ಬಗೆಹರಿಸಿದವರಿದ್ದರೆ ಹೇಳಿ, ತಮ್ಮನ ಪತ್ರಕ್ಕೆ ಅದೇ ಪ್ರಶ್ನೆ ಸಾಕು.