ಪಾವಗಡದ ಫ್ಲೋರೈಡ್ ಪ್ರಾಜೆಕ್ಟ್: ಬಜೆಟ್‌ಗೆ ಸಮರ್ಥನೆ ಹೇಗೆ ಬರೆಯೋದು?

ಪ್ರಶ್ನೆ (ಸಹಾಯಕ ಪ್ರಾಧ್ಯಾಪಕಿ, ರಸಾಯನಶಾಸ್ತ್ರ): ಪಾವಗಡ ತಾಲ್ಲೂಕಿನ ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ಮೂರು ವರ್ಷದ ಪ್ರಪೋಸಲ್ ಬರೆದೆ. ಉದ್ದೇಶ ಐದು: ಸಮೀಕ್ಷೆ, ಕಾರಣ ಹುಡುಕೋದು, ಮಕ್ಕಳ ಹಲ್ಲು ತಪಾಸಣೆ, ಅಗ್ಗದ ಫಿಲ್ಟರ್, ಜಾಗೃತಿ. ನೀರಿನಲ್ಲಿರೋ ಹಲವು ಅಯಾನ್‌ಗಳನ್ನು ಒಟ್ಟಿಗೆ ಅಳೆಯೋ 28 ಲಕ್ಷದ ಅಯಾನ್ ಕ್ರೊಮ್ಯಾಟೋಗ್ರಾಫ್ ಕೇಳಿದ್ದೆ. ಎರಡು ಸಲವೂ ಬಜೆಟ್‌ಗೆ ಸಮರ್ಥನೆ ಸಾಲದು ಅಂತ ವಾಪಸ್ ಬಂತು. ಏನು ತಿದ್ದಲಿ?

ಸಂಶೋಧಕ, ಜೀವಶಾಸ್ತ್ರ: ಮೇಡಂ, ಹೇಗಿದ್ರೂ ಅರ್ಧ ಕತ್ತರಿಸಿಯೇ ಕೊಡ್ತಾರೆ. ಎರಡರಷ್ಟು ಕೇಳಿಬಿಡಿ.

ನಿವೃತ್ತ ಪ್ರಾಧ್ಯಾಪಕ: ಕತ್ತರಿಸೋದು ನಿಜ. ಆದರೆ ಕತ್ತರಿ ಮೊದಲು ಬೀಳೋದು ಲೆಕ್ಕ ಕೊಡದ ಸಾಲಿನ ಮೇಲೆ. ನಾನು ಪರಿಶೀಲನಾ ಸಮಿತಿಗಳಲ್ಲಿ ಕೂತಿದ್ದೇನೆ. ಸುಮ್ನೆ ದುಪ್ಪಟ್ಟು ಮಾಡಿದ ಬಜೆಟ್ ಎರಡನೇ ಪುಟದಲ್ಲೇ ಗೊತ್ತಾಗುತ್ತೆ. ಆಮೇಲೆ ನಿಜವಾಗಿ ಬೇಕಾದದ್ದರ ಮೇಲೂ ಅನುಮಾನ ಬರುತ್ತೆ.

ಮೇಡಂ, ನೀವು ಮಾದರಿಗಳ ಲೆಕ್ಕದಿಂದ ಶುರು ಮಾಡಿ. 60 ಬೋರ್‌ವೆಲ್, ಮಳೆಗೆ ಮುಂಚೆ ಒಂದು ಸಲ, ಮಳೆ ಆದ ಮೇಲೆ ಒಂದು ಸಲ, ಎರಡು ವರ್ಷ. ಒಟ್ಟು 240. ತಾಳೆ ನೋಡೋಕೆ ನೂರಕ್ಕೆ ಹತ್ತರಂತೆ ಎರಡನೇ ಬಾಟಲಿ, ಅಂದ್ರೆ ಇನ್ನೂ 24. ಒಟ್ಟು 264. ಫ್ಲೋರೈಡ್ ಎಲೆಕ್ಟ್ರೋಡ್‌ನಲ್ಲಿ ದಿನಕ್ಕೆ 20 ಮಾಡಿದರೂ ಎರಡು ವಾರದಲ್ಲಿ ಮುಗಿಯುವ ಕೆಲಸ. ಮೂರು ವರ್ಷದಲ್ಲಿ ಎರಡು ವಾರದ ಕೆಲಸಕ್ಕೆ 28 ಲಕ್ಷದ ಯಂತ್ರ ಯಾಕೆ ಅಂತ ಕೇಳಿದರೆ ಏನು ಹೇಳ್ತೀರಿ? ಒಂದೇ ಅಯಾನ್ ಅಳೆಯೋಕೆ ಎಲೆಕ್ಟ್ರೋಡ್ ಸಾಕು. ಕ್ಯಾಲ್ಸಿಯಂ, ಕ್ಷಾರತೆಗೆ ಟೈಟ್ರೇಷನ್ ಇದೆ.

ಇದೇ ಲೆಕ್ಕ ರಾಸಾಯನಿಕಕ್ಕೂ ಬರಲಿ. ಮಾದರಿ 25 ಮಿಲಿ, ಎಲೆಕ್ಟ್ರೋಡ್ ಸರಿಯಾಗಿ ಅಳೆಯಲಿ ಅಂತ ಬೆರೆಸೋ ಟಿಸಾಬ್ ದ್ರಾವಣವೂ 25 ಮಿಲಿ. ಪ್ರತಿ ಮಾದರಿ ಎರಡು ಸಲ ಅಂದರೆ ಟಿಸಾಬ್ 13.2 ಲೀಟರ್. ದಿನದ ಸ್ಟ್ಯಾಂಡರ್ಡ್‌ಗಳನ್ನೂ ಸೇರಿಸಿದರೆ ಸುಮಾರು 15. "ರಾಸಾಯನಿಕಗಳು, 3 ಲಕ್ಷ" ಅಂತ ಒಂದೇ ಸಾಲು ಬರೆಯಬೇಡಿ. 264 ಅನ್ನೋ ಸಂಖ್ಯೆ ವಿಧಾನದಲ್ಲೂ ಬಜೆಟ್‌ನಲ್ಲೂ ವೇಳಾಪಟ್ಟಿಯಲ್ಲೂ ಒಂದೇ ಇರಲಿ.

ಉದ್ದೇಶ ಎರಡೇ ಸಾಕು: ಆಳ ಮತ್ತು ಕಾಲಕ್ಕೆ ತಕ್ಕಂತೆ ಫ್ಲೋರೈಡ್ ಹೇಗೆ ಬದಲಾಗುತ್ತೆ, ಕ್ಯಾಲ್ಸಿಯಂ ಕಡಿಮೆ ಇದ್ದು ಕ್ಷಾರತೆ ಜಾಸ್ತಿ ಇರೋ ಕಡೆ ಅದು ಏರುತ್ತಾ. ಮಕ್ಕಳ ಹಲ್ಲು ನೋಡೋಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ದಂತವೈದ್ಯರೂ ಬೇಕು. ಅದು ಬೇರೆಯದೇ ಪ್ರಾಜೆಕ್ಟ್.

ಓದುಗ, ಪಾವಗಡ ಕಡೆಯವರು: ನಮ್ಮೂರ ಶುದ್ಧ ನೀರಿನ ಘಟಕ ಕೆಟ್ಟು ತಿಂಗಳಾಯ್ತು. ನೀವು ಬಂದು ನೀರು ಪರೀಕ್ಷೆ ಮಾಡ್ತೀರಾ ಮೇಡಂ?

ಪ್ರಶ್ನೆ ಕೇಳಿದವರು: ಅಣ್ಣಾ, ಪ್ರಾಜೆಕ್ಟ್ ಇನ್ನೂ ಮಂಜೂರಾಗಿಲ್ಲ. ಆದರೂ ಒಂದು ಲೀಟರ್ ನೀರು ಪ್ಲಾಸ್ಟಿಕ್ ಬಾಟಲಿಯಲ್ಲಿ ಕಳಿಸಿ, ಗಾಜಿನದ್ದು ಬೇಡ. ಯಾವ ಬೋರ್‌ನದ್ದು ಅಂತ ಮೇಲೆ ಬರೆದಿರಲಿ. ನಮ್ಮ ಹಳೇ ಎಲೆಕ್ಟ್ರೋಡ್‌ನಲ್ಲೇ ನೋಡಿ ಹೇಳ್ತೇನೆ. ಫ್ಲೋರೈಡ್ ಲೀಟರ್‌ಗೆ 1.5 ಮಿಲಿಗ್ರಾಂ ದಾಟಿದ್ದರೆ ಕುಡಿಯೋಕೆ ಬೇಡ.

ಹಣಕಾಸು ವಿಭಾಗದ ಸಿಬ್ಬಂದಿ, ಇನ್ನೊಂದು ವಿಶ್ವವಿದ್ಯಾಲಯ: ಸಿಬ್ಬಂದಿ ಸಾಲಿನಲ್ಲಿ ಜಾಸ್ತಿ ಜನ ತಪ್ಪುತ್ತಾರೆ. ಪ್ರಾಜೆಕ್ಟ್‌ಗೆ ತಗೊಳ್ಳೋ ಕಿರಿಯ ಸಂಶೋಧಕರಿಗೆ, ಅಂದ್ರೆ ಜೆಆರ್‌ಎಫ್‌ಗೆ, ತಿಂಗಳಿಗೆ 37,000, ಎರಡು ವರ್ಷಕ್ಕೆ 8,88,000. ಮೌಲ್ಯಮಾಪನ ಆಗಿ ಹಿರಿಯ ಸಂಶೋಧಕ, ಅಂದ್ರೆ ಎಸ್‌ಆರ್‌ಎಫ್ ಆದರೆ 42,000, ಮೂರನೇ ವರ್ಷಕ್ಕೆ 5,04,000. ಹಾಸ್ಟೆಲ್ ಕೊಡದಿದ್ದರೆ ಮನೆ ಬಾಡಿಗೆ ಭತ್ಯೆ ಸೇರಿಸಿ. ಭತ್ಯೆ ಶೇ. 10 ಇರೋ ಊರಾದರೆ ಮೂರು ವರ್ಷಕ್ಕೆ ಒಟ್ಟು 15,31,200. ಭತ್ಯೆ ಮರೆತರೆ ಮೂರನೇ ವರ್ಷ ಹುಡುಗರ ಸಂಬಳಕ್ಕೇ ಕೈ ಕಟ್ಟಿಹೋಗುತ್ತೆ. ನಮ್ಮಲ್ಲಿ ಹಾಗಾಗಿದ್ದನ್ನು ನೋಡಿದ್ದೇನೆ.

ಪ್ರಶ್ನೆ ಕೇಳಿದವರು: ಭತ್ಯೆ ನಾನು ಹಾಕೇ ಇರಲಿಲ್ಲ! ವೇಳಾಪಟ್ಟಿಯಲ್ಲಿ ಮೊದಲ ತಿಂಗಳಿಂದಲೇ ಮಾದರಿ ಸಂಗ್ರಹ ಅಂತ ಬರೆದಿದ್ದೆ. ಸರಿ ಅಲ್ವಾ?

ನಿವೃತ್ತ ಪ್ರಾಧ್ಯಾಪಕ: ಇಲ್ಲ. ಜಾಹೀರಾತು, ಸಂದರ್ಶನ, ನೇಮಕಕ್ಕೆ ಮೂರ್ನಾಲ್ಕು ತಿಂಗಳು ಹೋಗುತ್ತೆ. ಹಣ ಜನವರಿಯಲ್ಲಿ ಬಂದರೆ ಏಪ್ರಿಲ್–ಮೇ ಸುತ್ತು ಸಿಗೋದು ಅನುಮಾನ. ನವೆಂಬರ್–ಡಿಸೆಂಬರ್‌ನಿಂದ ಶುರು ಮಾಡಿ, ನಾಲ್ಕು ಸುತ್ತು ಎಣಿಸಿ. ಹಣ ಯಾವಾಗ ಬಂದರೂ ಮೊದಲ ಸುತ್ತು ಯಾವುದು ಅಂತ ಎರಡು ಸಾಲಿನಲ್ಲಿ ಬರೆದಿಡಿ. ಎಲೆಕ್ಟ್ರೋಡ್ ಖರೀದಿ ಮಾದರಿ ತೆಗೆಯೋಕೆ ಮುಂಚೆಯೇ ಆಗಬೇಕು. ತಂದ ನೀರನ್ನು 28 ದಿನದೊಳಗೆ ಅಳೆಯಬೇಕು.

ಪ್ರಯೋಗಾಲಯ ತಂತ್ರಜ್ಞ: ಒಂದು ಮಾತು ಸರ್. ಬೋರ್‌ವೆಲ್ ಆಳ ಯಾರು ಹೇಳ್ತಾರೆ? ನಾನು ಹಿಂದೆ ಹೋದಾಗ ಒಂದೇ ಬೋರ್‌ಗೆ ಅಪ್ಪ 600 ಅಡಿ ಅಂದ್ರು, ಮಗ 800 ಅಂದ. ಕೊರೆದವರ ಬಿಲ್ಲು ಯಾರ ಹತ್ತಿರವೂ ಇರಲಿಲ್ಲ.

ನಿವೃತ್ತ ಪ್ರಾಧ್ಯಾಪಕ: ಸರಿಯಾದ ಪ್ರಶ್ನೆ. ಬಿಲ್ಲು ಇರೋ ಬೋರ್‌ಗಳನ್ನೇ ಆರಿಸಿ ಅನ್ನಬಹುದು. ಆದರೆ ಆಗ ಹೊಸ ಬೋರ್‌ಗಳೇ ಜಾಸ್ತಿ ಸಿಕ್ಕು ಆಯ್ಕೆ ಒಂದು ಕಡೆ ವಾಲುತ್ತೆ.

ಪ್ರಶ್ನೆ ಕೇಳಿದವರು: ಹಾಗಾದ್ರೆ ಮೊದಲು ಒಂದು ಹಳ್ಳಿಯಲ್ಲಿ ಎಷ್ಟು ಮನೆಯಲ್ಲಿ ಬಿಲ್ಲು ಇದೆ ಅಂತ ನೋಡಿ ಬರ್ತೇನೆ. ಆ ಲೆಕ್ಕ ಸಿಕ್ಕ ಮೇಲೆ 60 ಉಳಿಯುತ್ತೋ ಇಲ್ಲವೋ ಇಲ್ಲೇ ಹೇಳ್ತೇನೆ.